ಬಂದೇನವಾಜರ ಸನ್ನಿಧಿ: ತಲೆವಸ್ತ್ರ, ಸಕ್ಕರೆ ಮತ್ತು ಕವ್ವಾಲಿ

ಕಲಬುರಗಿಯಲ್ಲಿ ರಿಕ್ಷಾ ಹತ್ತಿ 'ದರ್ಗಾಕ್ಕೆ' ಎಂದರೆ ಸಾಕು, ಯಾವ ದರ್ಗಾ ಎಂದು ಯಾರೂ ಕೇಳುವುದಿಲ್ಲ. ಊರಲ್ಲಿ ದರ್ಗಾಗಳು ಹಲವಿದ್ದರೂ ಆ ಮಾತಿಗೆ ಅರ್ಥ ಒಂದೇ, ಖ್ವಾಜಾ ಬಂದೇನವಾಜರ ದರ್ಗಾ. ಕೋಟೆಯ ಪೂರ್ವಕ್ಕೆ, ಹಳೆಯ ಗೋರಿ ಗುಮ್ಮಟಗಳ ನಡುವೆ ಇರುವ ಈ ಜಾಗಕ್ಕೆ ದಿನವೂ ಎಲ್ಲ ಜಾತಿ ಮತದವರೂ ಬರುತ್ತಾರೆ. ಶರಣಬಸವೇಶ್ವರರ ಗುಡಿಗೆ ಬಂದವರು ಅದೇ ದಿನ ಇಲ್ಲಿಗೂ ಬಂದು ಹೋಗುವುದು ಇಲ್ಲಿನವರಿಗೆ ಸಹಜ. ಹೊಸಬರು ಮಾತ್ರ ಬಾಗಿಲ ಹತ್ತಿರ ತುಸು ಅಳುಕುತ್ತಾರೆ. ತಲೆಗೆ ಏನು ಹಾಕಬೇಕು, ಕೈಯಲ್ಲಿ ಏನು ಹಿಡಿಯಬೇಕು, ಹಾಡು ನಡೆಯುತ್ತಿದ್ದರೆ ಎಲ್ಲಿ ಕೂರಬೇಕು ಎಂಬುದು ತಿಳಿಯದೆ, ಒಳಗೆ ಹೋಗುವ ಆಸೆ ಇದ್ದೂ ಹೊರಗಿನಿಂದಲೇ ಕೈಮುಗಿದು ತಿರುಗುವವರನ್ನು ಕಂಡಿದ್ದೇನೆ. ಈ ಬರಹ ಅಂಥವರಿಗಾಗಿ.

ಇಲ್ಲಿನ ನಡವಳಿಕೆಗೆಲ್ಲ ಮೂಲವಾದ ಸಂಗತಿ ಒಂದಿದೆ. ಭಕ್ತರ ಪಾಲಿಗೆ ಖ್ವಾಜಾ ತೀರಿಹೋದವರಲ್ಲ; ಅವರು ಒಳಗಿದ್ದಾರೆ, ಬಂದವರನ್ನು ನೋಡುತ್ತಿದ್ದಾರೆ, ಅಹವಾಲು ಕೇಳುತ್ತಿದ್ದಾರೆ. ಹಾಗಾಗಿ ಗೋರಿಯ ಮುಂದೆ ನಡೆದುಕೊಳ್ಳುವ ರೀತಿ, ಗೌರವಾನ್ವಿತ ಹಿರಿಯರೊಬ್ಬರು ಕೂತಿರುವ ಕೋಣೆಯಲ್ಲಿ ನಡೆದುಕೊಳ್ಳುವ ರೀತಿಯೇ. ಇದನ್ನು 'ಅದಬ್' ಎನ್ನುತ್ತಾರೆ. ಇದು ಮನಸ್ಸಿನಲ್ಲಿದ್ದರೆ ಉಳಿದ ರೀತಿ ರಿವಾಜುಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಹಿರಿಯರ ಹೆಸರು ಸೈಯದ್ ಮುಹಮ್ಮದ್ ಹುಸೇನಿ. 1321ರಲ್ಲಿ ದೆಹಲಿಯಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ತಂದೆಯೊಡನೆ ದೌಲತಾಬಾದಿಗೆ ಬಂದು, ಹರೆಯದಲ್ಲಿ ದೆಹಲಿಗೆ ಮರಳಿ, ಚಿಶ್ತಿ ಪರಂಪರೆಯ ನಸೀರುದ್ದೀನ್ ಚಿರಾಗ್ ದೆಹಲಿಯವರ ಶಿಷ್ಯರಾದರು. ಗುರುವಿನ ಪಲ್ಲಕ್ಕಿ ಹೊರುವಾಗ ಇವರ ಉದ್ದ ಕೂದಲು ಅದಕ್ಕೆ ಸಿಕ್ಕಿಕೊಂಡಿತಂತೆ. ಬಿಡಿಸಿಕೊಳ್ಳಲು ನಿಂತರೆ ಗುರುವಿನ ಪಯಣಕ್ಕೆ ಅಡ್ಡಿಯಾದೀತೆಂದು ನೋವು ನುಂಗಿಕೊಂಡೇ ನಡೆದರಂತೆ. 'ಗೇಸೂದರಾಜ್' ಎಂಬ ಹೆಸರು ಬಂದದ್ದು ಹಾಗೆ ಎಂಬುದು ಜನ ಹೇಳುವ ಕಥೆ. 1398ರಲ್ಲಿ ತೈಮೂರನ ದಂಡು ದೆಹಲಿಯ ಮೇಲೆ ಬಂದಾಗ ಊರು ಬಿಟ್ಟರು. ಸುಮಾರು 1400ರ ಹೊತ್ತಿಗೆ, ಎಂಬತ್ತರ ಇಳಿವಯಸ್ಸಿನಲ್ಲಿ, ಬಹಮನಿ ಸುಲ್ತಾನ ಫಿರೋಜ್ ಶಾಹನ ಕಾಲದ ಕಲಬುರಗಿ ಸೇರಿದರು. ಮುಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಇಲ್ಲೇ ಇದ್ದು, 1422ರಲ್ಲಿ ಇಲ್ಲೇ ತೀರಿಕೊಂಡರು.

ಇನ್ನು ತಲೆಯ ವಿಷಯ. ತಲೆ ಮುಚ್ಚುವುದು ಹೆಂಗಸರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಗಂಡಸರೂ ಮುಚ್ಚಲೇಬೇಕು. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಮಾವನವರು ಪಡಸಾಲೆಗೆ ಬಂದರೆ ಸೊಸೆ ಸೆರಗು ಹೊದೆಯುತ್ತಾಳೆ; ಊರ ಹಿರಿಯರ ಮುಂದೆ ಗಂಡಸು ಬರಿತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಇಲ್ಲಿಯದೂ ಅದೇ ಮರ್ಯಾದೆ. ರುಮಾಲು, ಟೋಪಿ, ಟವೆಲು, ಯಾವುದಾದರೂ ಆದೀತು. ಏನೂ ತರದವರು ಸಾಮಾನ್ಯವಾಗಿ ಕರವಸ್ತ್ರ ಬಿಡಿಸಿ ನೆತ್ತಿಯ ಮೇಲೆ ಹಾಕುತ್ತಾರೆ. ಸುಮ್ಮನೆ ಹಾಕಿದರೆ ಅದು ನಿಲ್ಲುವುದಿಲ್ಲ. ಗೋರಿಯ ಮುಂದೆ ಬಾಗಿದೊಡನೆ ಜಾರಿ ಹೂವಿನ ಮೇಲೆ ಬೀಳುತ್ತದೆ. ತಿಳಿದವರು ದೊಡ್ಡ ಕರವಸ್ತ್ರ ತಂದು ಎರಡು ತುದಿಗಳನ್ನು ಹಿಂದೆ, ಕತ್ತಿನ ಮೇಲೆ ಗಂಟು ಹಾಕಿಕೊಳ್ಳುತ್ತಾರೆ. ಹೆಂಗಸರಿಗೂ ಇದೇ ಮಾತು. ನುಣುಪಾದ ರೇಷ್ಮೆಯಂಥ ದುಪಟ್ಟಾ ಹೆಜ್ಜೆಗೊಮ್ಮೆ ಜಾರಿ, ಹೊತ್ತೆಲ್ಲ ಅದನ್ನು ಸರಿಪಡಿಸುವುದರಲ್ಲೇ ಕಳೆಯುತ್ತದೆ. ಹತ್ತಿಯ ವೇಲು, ಇಲ್ಲವೆ ಸೀರೆಯ ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿ ಒಂದು ಪಿನ್ನು ಹಾಕಿದರೆ ನಿರಾಳ. ಕುಂಕುಮ, ವಿಭೂತಿ ಅಳಿಸಿಕೊಂಡು ಬರಬೇಕಿಲ್ಲ. ಹಣೆಯನ್ನು ಇಲ್ಲಿ ಯಾರೂ ಪರೀಕ್ಷಿಸುವುದಿಲ್ಲ.

ಚಪ್ಪಲಿ ಹೊರಗೆ ಬಿಟ್ಟ ಮೇಲೆ ಹೊಸ್ತಿಲು ತುಳಿಯದೆ ದಾಟಬೇಕು. ನಮ್ಮ ನಾಡಿನಲ್ಲಿ ಗೋರಿಗಳು ಉತ್ತರ ದಕ್ಷಿಣವಾಗಿರುತ್ತವೆ. ತಲೆ ಉತ್ತರಕ್ಕಿದ್ದು, ಮುಖ ಮಕ್ಕಾ ಇರುವ ಪಶ್ಚಿಮಕ್ಕೆ ತಿರುಗಿರುತ್ತದೆ. ಹಾಗಾಗಿ ದಕ್ಷಿಣ ತುದಿ ಎಂದರೆ ಹಿರಿಯರ ಪಾದ. ತಿಳಿದವರು ಮೊದಲು ಪಾದದ ಕಡೆ ನಿಂತು ನಮಿಸಿ, ಆಮೇಲೆ ಪಕ್ಕಕ್ಕೆ ಸರಿಯುತ್ತಾರೆ. ನೇರವಾಗಿ ತಲೆಯ ಕಡೆ ಹೋಗಿ ನಿಲ್ಲುವುದಿಲ್ಲ. ಹೊರಡುವಾಗ ಬೆನ್ನು ತೋರಿಸದೆ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಬಾಗಿಲು ಸೇರುತ್ತಾರೆ. ಜನಸಂದಣಿ ಇದ್ದಾಗ ಇದು ಕಷ್ಟ. ಆಗ ನಾಲ್ಕು ಹೆಜ್ಜೆ ಹಿಂದಕ್ಕಿಟ್ಟು ಪಕ್ಕಕ್ಕೆ ತಿರುಗಿದರೂ ನಡೆಯುತ್ತದೆ. ಪಕ್ಕದವರು ಹೊಸ್ತಿಲಿಗೆ ಹಣೆ ಹಚ್ಚಿದರೆ ನೀವೂ ಹಚ್ಚಲೇಬೇಕೆಂದಿಲ್ಲ. ಗೋರಿಯ ಮುಂದೆ ಅಷ್ಟು ಬಾಗುವುದು ಸರಿಯೇ ಎಂಬ ಚರ್ಚೆ ಮುಸ್ಲಿಮರ ನಡುವೆಯೇ ಹಿಂದಿನಿಂದ ಇದೆ. ಎದೆಯ ಮೇಲೆ ಕೈಯಿಟ್ಟು ಸ್ವಲ್ಪ ತಲೆ ಬಾಗಿಸಿದರೆ ಯಾರಿಗೂ ಕೊರತೆ ಅನ್ನಿಸದು.

ಒಳಗಿನ ಗೋರಿಯವರೆಗೆ ಹೆಂಗಸರು ಹೋಗಬಹುದೇ ಎಂಬುದಕ್ಕೆ ಎಲ್ಲ ಕಡೆ ಒಂದೇ ಉತ್ತರವಿಲ್ಲ. ಅಜ್ಮೇರಿನಲ್ಲಿ ಹೋಗುತ್ತಾರೆ. ದೆಹಲಿಯ ನಿಜಾಮುದ್ದೀನರ ದರ್ಗಾದಲ್ಲಿ ಜಾಲಂದರದ ಹೊರಗೆ ಕೂರುತ್ತಾರೆ. ಮುಂಬೈಯ ಹಾಜಿ ಅಲಿಯಲ್ಲಿ ತಡೆ ಹಾಕಿದ್ದನ್ನು ಹೆಂಗಸರೇ ಪ್ರಶ್ನಿಸಿ, 2016ರಲ್ಲಿ ಬಾಂಬೆ ಹೈಕೋರ್ಟಿನಿಂದ ತಮ್ಮ ಪರ ತೀರ್ಪು ಪಡೆದರು. ಈ ತಡೆ ಎಲ್ಲೆಡೆ ಹೋಗಬೇಕೆಂಬುದು ನನ್ನ ಆಸೆ. ಆದರೆ ಮೊದಲ ಸಲ ಹೋದವರು ಬಾಗಿಲಲ್ಲಿ ಕೂತ ಮುಜಾವರರನ್ನು ಕೇಳಿ ಮುಂದುವರಿಯುವುದು ಒಳ್ಳೆಯದು.

ಕಾಣಿಕೆಯ ವಿಷಯದಲ್ಲಿ ಹೊಸಬರು ಎಡವುವುದು ಹೆಚ್ಚು. ದರ್ಗಾದ ದಾರಿಯ ಅಂಗಡಿಗಳಲ್ಲಿ ಗುಲಾಬಿ, ಊದುಬತ್ತಿ, ಲೋಬಾನ, ಸಕ್ಕರೆ ಪೊಟ್ಟಣ, ಅಂಚಿಗೆ ಜರಿ ಹಚ್ಚಿದ ಹಸಿರು ಕೆಂಪು ಬಟ್ಟೆಗಳು ಜೋಡಿಸಿರುತ್ತವೆ. ಆ ಬಟ್ಟೆಯನ್ನು ನಮ್ಮ ಕಡೆ ಗಲೀಫ್ ಎನ್ನುತ್ತಾರೆ, ಹೊರಗಿನವರು ಚಾದರ್ ಎನ್ನುತ್ತಾರೆ. ಅಂಗಡಿಯವರು ದೊಡ್ಡದನ್ನೇ ಮುಂದೆ ಮಾಡುವುದು ಸಹಜ. ಆದರೆ ಗಲೀಫ್ ಹೆಚ್ಚಾಗಿ ಹರಕೆ ತೀರಿದವರು ಹೊದಿಸುವ ವಸ್ತು. ನೋಡಲೆಂದು ಬಂದವರಿಗೆ ಅದು ಬೇಕಿಲ್ಲ. ಹೊದಿಸಿದ ಗಲೀಫ್ ಅಲ್ಲೇ ಬಹಳ ಹೊತ್ತು ಉಳಿಯುವುದೂ ಇಲ್ಲ. ಮೇಲೆ ಮೇಲೆ ಹೊಸದು ಬರುತ್ತಿದ್ದಂತೆ ಹಳೆಯದನ್ನು ಮಡಿಸಿ ತೆಗೆಯುತ್ತಾರೆ. ಒಂದು ಹಿಡಿ ಬಿಡಿ ಗುಲಾಬಿ, ಒಂದು ಪೊಟ್ಟಣ ಸಕ್ಕರೆ ಹಿಡಿದು ಹೋದರೆ ಧಾರಾಳವಾಯಿತು. ಬರಿಗೈಯಲ್ಲಿ ಹೋದರೂ ಯಾರೂ ತಡೆಯುವುದಿಲ್ಲ.

ಹೂವನ್ನು ದೂರದಿಂದ ಎಸೆಯಬಾರದು. ಹತ್ತಿರ ಹೋಗಿ ಹಾಕುವುದು, ಆಗದಿದ್ದರೆ ಮುಜಾವರರ ಕೈಗೆ ಕೊಡುವುದು. ಸಕ್ಕರೆಯ ಕ್ರಮ ಬೇರೆ. ಅದನ್ನು ಗೋರಿಯ ಮೇಲೆ ಇಡುವುದಿಲ್ಲ, 'ಓದಿಸುತ್ತಾರೆ'. ಪೊಟ್ಟಣ ಬಿಚ್ಚಿ ಮುಂದಿಟ್ಟರೆ ಮುಜಾವರರು ಅಂಗೈ ಮೇಲೆತ್ತಿ ಫಾತೇಹಾ ಓದುತ್ತಾರೆ. ನಿಮ್ಮ ಹೆಸರು, ಮನೆಯವರ ಹೆಸರು ಕೇಳಿದರೆ ಹೇಳಬಹುದು. ಓದಿ ಮುಗಿದ ಮೇಲೆ ಒಂದು ಚಿಟಿಕೆ ತೆಗೆದುಕೊಂಡು, ಉಳಿದದ್ದನ್ನು ನಿಮಗೇ ಹಿಂದಿರುಗಿಸುತ್ತಾರೆ. ಆಗ ಅದು ತಬರ್ರುಕ್, ನಾವು ಪ್ರಸಾದ ಎನ್ನುವಂಥದ್ದು. ಅಲ್ಲಿಯೇ ಸುತ್ತಲಿನವರಿಗೆ ಚಿಟಿಕೆ ಚಿಟಿಕೆ ಹಂಚಿ ಉಳಿದದ್ದನ್ನು ಮನೆಗೆ ಒಯ್ಯಬೇಕು. ಹಳ್ಳಿಗಳ ದರ್ಗಾಗಳಿಗೆ ನಮ್ಮ ಜನ ತೆಂಗಿನಕಾಯಿ, ಮಾಲ್ದಿಯನ್ನೂ ಒಯ್ಯುತ್ತಾರೆ. ಅಲ್ಲಿ ಅದಕ್ಕೂ ಓದಿಕೆ ಆಗುತ್ತದೆ. ಕಾಯಿ ಎಲ್ಲಿ ಒಡೆಯಬೇಕು ಎಂಬುದನ್ನು ಮಾತ್ರ ಕೇಳಿಕೊಳ್ಳಬೇಕು.

ಹಣದ ಮಾತು. ಯಾರಾದರೂ ಬಳಿ ಬಂದು ದೊಡ್ಡ ಮೊತ್ತ ಹೆಸರಿಸಿ, ಇಷ್ಟು ಕೊಟ್ಟರೆ ಕೆಲಸ ಆಗುತ್ತದೆ ಎಂದರೆ ಅಲ್ಲಿಂದ ಸರಿಯಬೇಕು. ಕೊಡುವ ಮನಸ್ಸಿದ್ದರೆ ಹುಂಡಿ ಇದೆ, ಓದಿಕೆ ಮಾಡಿದವರ ಕೈಗೆ ಕೈಲಾದಷ್ಟು ಕೊಡುವ ರೂಢಿ ಇದೆ. ಅದಕ್ಕೆ ದರ ಇಲ್ಲ. ದರ ಹೇಳಿದಾಗಲೇ ಸಂಶಯಪಡಬೇಕು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇಲ್ಲಿನ ಸಂಗೀತ. ಅದನ್ನು ಸಂಗೀತ ಕಚೇರಿಯಂತೆ ಕೇಳಲು ಹೋದವರು ಅರ್ಧವನ್ನೇ ಕೇಳಿ ಬರುತ್ತಾರೆ. ಚಿಶ್ತಿಗಳು ಇದನ್ನು 'ಸಮಾ' ಎನ್ನುತ್ತಾರೆ; ಅವರಿಗೆ ಇದು ಸಾಧನೆಯ ದಾರಿ. ಹಾಗಾಗಿ ಅದಕ್ಕೆ ಕಟ್ಟುಪಾಡುಗಳೂ ಕಟ್ಟುನಿಟ್ಟಾಗಿದ್ದವು. ನಸೀರುದ್ದೀನರ ಗುರು ನಿಜಾಮುದ್ದೀನ್ ಔಲಿಯಾ ನಾಲ್ಕು ವಿಷಯ ಎಣಿಸಿದ್ದರು. ಹಾಡುವವನು ಪ್ರೌಢ ಗಂಡಸಾಗಿರಬೇಕು. ಕೇಳುವವನ ಮನಸ್ಸು ದೇವರಲ್ಲಿರಬೇಕು. ಹಾಡಿನಲ್ಲಿ ಕೀಳು ಮಾತಿರಬಾರದು. ವಾದ್ಯಗಳು ಕೂಡದು. ಇದರ ಜೊತೆಗೆ ಸಮಯ, ಸ್ಥಳ, ಜೊತೆಗೂಡಿದವರು ಈ ಮೂರೂ ತಕ್ಕುದಾಗಿರಬೇಕು ಎಂಬ ಇನ್ನೂ ಹಳೆಯ ಮಾತಿದೆ. ಇಂದಿನ ಕವ್ವಾಲಿಯಲ್ಲಿ ಹಾರ್ಮೋನಿಯಂ, ಢೋಲಕ್ ಬಂದಿವೆ, ವಾದ್ಯದ ಕಟ್ಟು ಸಡಿಲಾಗಿದೆ. ಕೇಳುವವನ ಮೇಲಿನ ಕಟ್ಟು ಮಾತ್ರ ಹಾಗೆಯೇ ಉಳಿದಿದೆ.

ಕಲಬುರಗಿಯ ವಿಶೇಷ ಇರುವುದು ಇಲ್ಲಿಯೇ. ಈ ದರ್ಗಾದಲ್ಲಿ 'ಬಂದ್ ಸಮಾ' ಎಂಬ ಪದ್ಧತಿ ಉಂಟು: ಬಾಗಿಲು ಮುಚ್ಚಿ, ಆಯ್ದ ಕೆಲವರು ಮಾತ್ರ ಕೂತು ಕೇಳುವ ಗೋಷ್ಠಿ. ದರ್ಗಾದ ಸಜ್ಜಾದೆ ನಶೀನರಾಗಿದ್ದ, ಗೇಸೂದರಾಜರ ಚಿಂತನೆಯ ಕುರಿತು ಪುಸ್ತಕವನ್ನೂ ಬರೆದ ವಿದ್ವಾಂಸ ಖುಸ್ರೋ ಹುಸೇನಿಯವರು 1970ರಲ್ಲೇ ಇದರ ಬಗ್ಗೆ ಲೇಖನ ಪ್ರಕಟಿಸಿದ್ದರು. ಬಾಗಿಲು ಮುಚ್ಚಿದ್ದರೆ ಇಣುಕಬಾರದು, ಒಳಗೆ ಬಿಡಿ ಎಂದು ಕೇಳಬಾರದು. ನಿಮಗೆ ಸಿಗುವುದು ಉರುಸಿನ ತೆರೆದ ಕವ್ವಾಲಿ, ಅದಕ್ಕೆ ಎಲ್ಲರಿಗೂ ಸ್ವಾಗತ. ಉರುಸು ಇಸ್ಲಾಮೀ ಪಂಚಾಂಗದ ಜುಲ್ಕಾದ ತಿಂಗಳ 15, 16, 17ರಂದು. ನಮ್ಮ ಕ್ಯಾಲೆಂಡರಿನಲ್ಲಿ ವರ್ಷ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬೀಳುತ್ತದೆ. ಮೊದಲ ದಿನ ಮಹಬೂಬ್ ಗುಲ್ಶನ್ ಉದ್ಯಾನದಿಂದ ಗಂಧದ ಮೆರವಣಿಗೆ ಹೊರಡುತ್ತದೆ.

ಗೋಷ್ಠಿಯಲ್ಲಿ ಎದುರಿಗೆ, ನಡುವೆ ಕೂತವರು ಹಿರಿಯರು. ಅವರ ಮತ್ತು ಗಾಯಕರ ನಡುವಿನ ಜಾಗ ಖಾಲಿ ಇರುತ್ತದೆ. ಅದು ದಾರಿಯಲ್ಲ, ದಾಟಬಾರದು. ಬದಿಯಲ್ಲಿ, ಕಾಲು ಚಾಚದೆ ಕೂರಬೇಕು. ಹಾಡು ಮುಗಿದಾಗ ಚಪ್ಪಾಳೆ ತಟ್ಟುವುದಿಲ್ಲ, ಚಪ್ಪಾಳೆ ಗಾಯಕರದೇ ತಾಳ. ಮೆಚ್ಚುಗೆಯಾದರೆ ನೋಟೊಂದನ್ನು ಹಿಡಿದು ಬಾಗಿ ನಡೆದು ಹಿರಿಯರ ಮುಂದೆ ಹಿಡಿಯುತ್ತಾರೆ. ಅವರು ಮುಟ್ಟಿದ ಮೇಲೆ ಅದು ಗಾಯಕರಿಗೆ ಹೋಗುತ್ತದೆ. ನೇರವಾಗಿ ಹಾರ್ಮೋನಿಯಂ ಮೇಲೆ ನೋಟು ಸುರಿಯುವುದು ಸಭೆಯ ಹಿರಿಯರನ್ನು ಬಿಟ್ಟು ಹೋದಂತೆ.

ಕವ್ವಾಲರು ಒಂದೇ ಸಾಲನ್ನು ಹತ್ತು, ಇಪ್ಪತ್ತು ಸಲ ತಿರುಗಿಸಿ ಹಾಡಿದರೆ ಬೇಸರಪಡಬೇಡಿ. ಸಭೆಯಲ್ಲಿ ಯಾರಾದರೊಬ್ಬರು ಆ ಸಾಲಿಗೆ ಮನಸೋತಿರುತ್ತಾರೆ. ಒಬ್ಬರು ಕಣ್ಣೀರಿಡಬಹುದು, ಇನ್ನೊಬ್ಬರು ಎದ್ದು ನಿಂತು ತೂಗಾಡಬಹುದು. ಅದಕ್ಕೆ 'ಹಾಲ್' ಎನ್ನುತ್ತಾರೆ. ಅವರು ಮರಳಿ ತಮ್ಮ ಸ್ಥಿತಿಗೆ ಬರುವವರೆಗೆ ಗಾಯಕರು ಆ ಸಾಲನ್ನು ಬಿಡುವಂತಿಲ್ಲ. 1235ರಲ್ಲಿ ದೆಹಲಿಯ ಕುತುಬುದ್ದೀನ್ ಬಖ್ತಿಯಾರ್ ಕಾಕಿ ಒಂದು ಪಾರಸಿ ದ್ವಿಪದಿ ಕೇಳುತ್ತ ಮೈಮರೆತು, ಮತ್ತೆ ಮತ್ತೆ ಅದನ್ನೇ ಹಾಡಿಸಿಕೊಂಡು, ಕೆಲವು ದಿನಗಳಲ್ಲಿ ಪ್ರಾಣ ಬಿಟ್ಟರೆಂದು ಚಿಶ್ತಿಗಳೆಲ್ಲ ನೆನೆಯುತ್ತಾರೆ. ಹಾಗಾಗಿ ಹಾಲ್ ಬಂದವರ ಎದುರು ಮೊಬೈಲ್ ಎತ್ತಿ ಹಿಡಿಯುವುದು ದೊಡ್ಡ ಅಪಚಾರ. ಅವರು ಎದ್ದು ನಿಂತಾಗ ಹಿರಿಯರೂ ಎದ್ದರೆ ನೀವೂ ಎದ್ದು ನಿಲ್ಲಿ. ಅವರು ಕೂತ ಮೇಲೆ ಕೂರಿ.

ನಡುವೆ ಹೊರಡಬೇಕಾದರೆ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಬಿಡುವಿನಲ್ಲಿ ಎದ್ದು ಬದಿಯಿಂದ ಸರಿದು ಹೋಗಬಹುದು. ಕೊನೆಯವರೆಗೆ ಕೂತವರಿಗೆ ಅಮೀರ್ ಖುಸ್ರೋ ಹೆಸರಿನಲ್ಲಿ ಹಾಡುವ 'ರಂಗ್' ಸಿಗುತ್ತದೆ. ಅದು ಶುರುವಾದರೆ ಗೋಷ್ಠಿ ಮುಗಿಯಿತೆಂದು ಅರ್ಥ. ಸಭೆಯೆಲ್ಲ ಎದ್ದು ನಿಲ್ಲುತ್ತದೆ. ಆಮೇಲೆ ಫಾತೇಹಾ, ಅದರ ಹಿಂದೆಯೇ ತಬರ್ರುಕ್ ಹಂಚಿಕೆ. ತಲೆವಸ್ತ್ರ ತೆಗೆಯುವುದು ಹೊರಬಾಗಿಲು ದಾಟಿದ ಮೇಲೆ.