ಒಂದೇ ಗಿರಣಿ, ಎರಡು ದರಪತ್ರ

ಸೊಲ್ಲಾಪುರದ ಟರ್ಕಿ ಟವೆಲು ನಿಮಗೆಲ್ಲ ಗೊತ್ತೇ ಇದೆ. ಅಲ್ಲಿಯ ಒಂದು ಗಿರಣಿ ಹೋಟೆಲು, ಆಸ್ಪತ್ರೆಗಳಿಗೆ ಸಾವಿರಗಟ್ಟಲೆ ಟವೆಲು ಒದಗಿಸುತ್ತದೆ ಎಂದು ಊಹಿಸಿಕೊಳ್ಳಿ. ಅದರ ಮಾರಾಟ ತಂಡ ಹೊಸೂರಿನಲ್ಲಿ ಒಂದು, ಹೈದರಾಬಾದಿನಲ್ಲಿ ಇನ್ನೊಂದು. ಈ ಎರಡೂ ಊರುಗಳಲ್ಲಿ ಹೋಟೆಲು ನಡೆಸುವ ಒಬ್ಬ ಗಿರಾಕಿಗೆ ಎರಡು ತಂಡಗಳೂ ದರಪತ್ರ ಕೊಟ್ಟವು. ಖರೀದಿ ಅಧಿಕಾರಿ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡರು.

ಗಿರಣಿಯ ಚಿಹ್ನೆ ಒಂದರಲ್ಲಿ ಹಸಿರು, ಇನ್ನೊಂದರಲ್ಲಿ ನೀಲಿ. ಅದು ಹೋಗಲಿ. ಅದೇ ಹೆಸರಿನ, 70 ಸೆಂಟಿಮೀಟರ್ ಅಗಲ, 140 ಸೆಂಟಿಮೀಟರ್ ಉದ್ದದ ಟವೆಲು ಹೊಸೂರಿನ ಪತ್ರದಲ್ಲಿ 450 ಜಿಎಸ್ಎಂ, ಹೈದರಾಬಾದಿನದರಲ್ಲಿ 500. ಜಿಎಸ್ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ. ಈ ಟವೆಲಿನ ವಿಸ್ತೀರ್ಣ 0.98 ಚದರ ಮೀಟರ್. ಹಾಗಾಗಿ ಒಂದರ ತೂಕ 441 ಗ್ರಾಂ, ಇನ್ನೊಂದರದು 490 ಗ್ರಾಂ. ಸಾವಿರ ಟವೆಲಿಗೆ 49 ಕಿಲೋ ನೂಲಿನ ವ್ಯತ್ಯಾಸ! "ನಿಜವಾಗಿ ಕೊಡುವುದು ಯಾವುದು?" ಎಂದು ಅಧಿಕಾರಿ ಕೇಳಿದರೆ ತಪ್ಪೇನು?

ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಹೊಸೂರಿನವರು ಎರಡು ವರ್ಷದ ಹಿಂದಿನ ಕಡತ ತೆಗೆದು, ಗಿರಾಕಿಯ ಹೆಸರು ಬದಲಿಸಿ ಕಳುಹಿಸಿದ್ದರು. ತೂಕ ಬದಲಾಗಿದ್ದು ಆ ಕಡತಕ್ಕೆ ತಿಳಿದಿರಲಿಲ್ಲ. ಇದನ್ನು ತಪ್ಪಿಸಲು ಬೇಕಾದದ್ದು ಇಟ್ಟಿಗೆಯ ಅಚ್ಚಿನಂಥ ಒಂದು ಮಾದರಿ ಕಡತ. ಇದಕ್ಕೇ ಟೆಂಪ್ಲೇಟು ಎನ್ನುವುದು.

ಅಚ್ಚು ಮಾಡುವ ಮೊದಲು ಪುಟದಲ್ಲಿರುವುದನ್ನು ಎರಡು ಪಾಲು ಮಾಡಿಕೊಳ್ಳಬೇಕು. ಗಿರಣಿಯ ಹೆಸರು, ಚಿಹ್ನೆ, ಬಣ್ಣ, ಅಳತೆ-ತೂಕದ ಪಟ್ಟಿ, ಇವು ಯಾರೂ ಮುಟ್ಟಬಾರದ ಪಾಲು. ಗಿರಾಕಿಯ ಹೆಸರು, ಸಂಖ್ಯೆ, ದರ, ತೆರಿಗೆ, ಭಾಷೆ, ಇವು ಊರಿನ ತಂಡ ತುಂಬುವ ಪಾಲು. ಎಲ್ಲಕ್ಕೂ ಬೀಗ ಹಾಕಿದರೂ ಕೆಡುತ್ತದೆ. ತೆರಿಗೆಯನ್ನೇ ನೋಡಿ: ಸೊಲ್ಲಾಪುರದಿಂದ ನೇರವಾಗಿ ಹೊಸೂರಿಗೆ ಸರಕು ಹೋದರೆ ಅದು ರಾಜ್ಯದಿಂದ ರಾಜ್ಯಕ್ಕೆ ಮಾರಾಟ, ಐಜಿಎಸ್‌ಟಿ ಬರೆಯಬೇಕು. ಹೊಸೂರಿನ ಗೋದಾಮಿನಿಂದಲೇ ಹೊಸೂರಿನ ಗಿರಾಕಿಗೆ ಕೊಟ್ಟರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡು ಸಾಲು. ನೋಂದಣಿ ಸಂಖ್ಯೆಯೂ ಬೇರೆ. ಮಹಾರಾಷ್ಟ್ರದ್ದು 27ರಿಂದ, ತಮಿಳುನಾಡಿನದು 33ರಿಂದ ಶುರುವಾಗುತ್ತದೆ. ಈ ಜಾಗವನ್ನು ಮುಖ್ಯ ಕಚೇರಿ ಮುಚ್ಚಿಬಿಟ್ಟರೆ ಊರಿನ ತಂಡ ಅಚ್ಚನ್ನೇ ಬದಿಗಿಟ್ಟು ಹಳೆಯ ಕಡತಕ್ಕೆ ಮರಳುತ್ತದೆ.

ಇನ್ನು ಕಂಪ್ಯೂಟರಿನ ಕೆಲಸ. ಪವರ್‌ಪಾಯಿಂಟಿನಲ್ಲಿ `View` ಒಳಗೆ `Slide Master` ಎಂಬುದಿದೆ. ಚಿಹ್ನೆ, ಬಣ್ಣಗಳನ್ನು ಪುಟದ ಮೇಲಲ್ಲ, ಅಲ್ಲಿ ಇಡಬೇಕು. ಆಗ ಪುಟ ತುಂಬುವವರ ಕೈಗೆ ಅವು ಸಿಕ್ಕಿ ಜರುಗುವುದಿಲ್ಲ. ಕಡತವನ್ನು `.potx` ಎಂದು ಉಳಿಸಿ. ವರ್ಡ್‌ನ ದರಪತ್ರವಾದರೆ `.dotx`. ಇದನ್ನು ಎರಡು ಸಲ ಒತ್ತಿ ತೆರೆದರೆ ಪ್ರತಿ ಸಲವೂ ಹೊಸ ಪ್ರತಿ ಬರುತ್ತದೆ, ಮೂಲ ಹಾಗೇ ಉಳಿಯುತ್ತದೆ.

ಅಚ್ಚು ಕೆಡುವುದು ಹೆಚ್ಚಾಗಿ ಅಂಟಿಸುವಾಗ. ಹಳೆಯ ಕಡತದ ಸ್ಲೈಡನ್ನು `Keep Source Formatting` ಎಂದು ಅಂಟಿಸಿದರೆ ಅದರ ಹಳೆಯ ಅಚ್ಚೂ ಹಿಂದೆಯೇ ಬರುತ್ತದೆ. `Use Destination Theme` ಎಂದು ಆರಿಸಬೇಕು. ಅನುಮಾನ ಬಂದರೆ `Slide Master` ತೆರೆದು ನೋಡಿ: ಒಂದು ಇರಬೇಕಾದಲ್ಲಿ ಮೂರು ನಾಲ್ಕು ಮಾಸ್ಟರ್ ಕಂಡರೆ ಕಲಬೆರಕೆ ಆಗಿದೆ ಎಂದೇ ಅರ್ಥ. ಆದರೆ ನೆನಪಿರಲಿ, ಹೀಗೆ ಸರಿಯಾಗುವುದು ಬಣ್ಣ, ಅಕ್ಷರ ಮಾತ್ರ. ಹಳೆಯ ಪುಟದಲ್ಲಿ 450 ಎಂದಿದ್ದರೆ ಹೊಸ ಅಚ್ಚಿನಲ್ಲೂ 450 ಎಂದೇ ನಿಲ್ಲುತ್ತದೆ.

ಎರಡು ಭಾಷೆಯ ನಾಡಿನ ನಮಗೆ ಇನ್ನೊಂದು ತೊಡಕು ಅಕ್ಷರದ್ದು. ಹಳೆಯ ನುಡಿ ಫಾಂಟಿನಲ್ಲಿ, ಯೂನಿಕೋಡ್ ಅಲ್ಲದ ರೀತಿಯಲ್ಲಿ ಟೈಪು ಮಾಡಿದ ಕನ್ನಡ ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಅಚ್ಚಿನಲ್ಲಿ ಯೂನಿಕೋಡ್ ಕನ್ನಡವನ್ನೇ ಇಡಿ. ವಿಂಡೋಸ್ ಜೊತೆಗೇ ಬರುವ `Nirmala UI` ಫಾಂಟಿನಲ್ಲಿ ಕನ್ನಡ, ಮರಾಠಿ, ತಮಿಳು, ತೆಲುಗು ನಾಲ್ಕೂ ಇವೆ. ಗಿರಾಕಿಗೆ ಕೊನೆಗೆ ಕಳುಹಿಸುವುದು ಪಿಡಿಎಫ್ ಆಗಿರಲಿ.

ಕಡೆಯದಾಗಿ, ಪ್ರತಿ ಪುಟದ ಅಡಿಯಲ್ಲಿ ಅಚ್ಚಿನ ತಿಂಗಳು, ವರ್ಷ ಸಣ್ಣದಾಗಿ ಇರಲಿ. ತೂಕವೋ ಅಳತೆಯೋ ಬದಲಾದ ದಿನ ಮುಖ್ಯ ಕಚೇರಿಯ ಒಬ್ಬರೇ ಅದನ್ನು ತಿದ್ದಿ, ಹಳೆಯದನ್ನು ತೆಗೆದುಹಾಕಬೇಕು. ಹೊಸೂರಿನ ತಂಡ ಆ ದಿನಾಂಕವನ್ನೊಮ್ಮೆ ನೋಡಿದ್ದರೆ, 450 ಎಂಬ ಅಂಕಿ ಗಿರಾಕಿಯ ಮೇಜು ಮುಟ್ಟುತ್ತಿರಲಿಲ್ಲ.