ಅಮ್ಮ, ಕಾಂಜಿಣ್ಯಾ ಮತ್ತು ಶಾಲೆಯ ನೋಟಿಸು

ಫೆಬ್ರವರಿ 10, ಸೋಮವಾರ. ಆಫೀಸಿನ ಮೀಟಿಂಗಿನಲ್ಲಿದ್ದಾಗ ಮಗಳ ಶಾಲೆಯಿಂದ ಮೊಬೈಲಿಗೆ ಒಂದು ನೋಟಿಸು ಬಂತು. ಎರಡನೇ ತರಗತಿಯ ಒಂದು ಮಗುವಿಗೆ ಚಿಕನ್‌ಪಾಕ್ಸ್ ಆಗಿದೆ. ಆ ಮಗು ಕೊನೆಯದಾಗಿ ಶಾಲೆಗೆ ಬಂದಿದ್ದು 7ನೇ ತಾರೀಕು, ಶುಕ್ರವಾರ. ಗುಳ್ಳೆ ಕಂಡಿದ್ದು ಮರುದಿನ. ಯಾವುದೇ ಮಗುವಿಗೆ ಗುಳ್ಳೆ ಎದ್ದರೆ ಕನಿಷ್ಠ ಐದು ದಿನ, ಎಲ್ಲ ಗುಳ್ಳೆಗಳೂ ಒಣಗಿ ಹೊಪ್ಪಳೆ ಕಟ್ಟುವವರೆಗೆ ಶಾಲೆಗೆ ಕಳಿಸಬಾರದು. ವಾಪಸು ಬರುವಾಗ ಡಾಕ್ಟರ ಸರ್ಟಿಫಿಕೇಟ್ ತರಬೇಕು.

ಪುಣೆಯಲ್ಲಿ ನಮ್ಮ ಪಕ್ಕದ ಮನೆಯವರು ಇದಕ್ಕೆ ಕಾಂಜಿಣ್ಯಾ ಅನ್ನುತ್ತಾರೆ. ಮೈಸೂರಿನಿಂದ ಬಂದು ನಮ್ಮ ಜೊತೆಗಿರುವ ಅಮ್ಮನ ಬಾಯಲ್ಲಿ ಅದು 'ಅಮ್ಮ'. ಮಗಳಿಗೆ ಇನ್ನೂ ಏನೂ ಆಗಿರಲಿಲ್ಲ, ಹಾಗಾಗಿ ನೋಟಿಸು ನಮಗಲ್ಲ ಅಂದುಕೊಂಡು ಸುಮ್ಮನಾದೆ. ರಾತ್ರಿ ಊಟದ ಹೊತ್ತಿಗೆ ಮಗಳೇ ಹೇಳಿದಳು, ಆ ಹುಡುಗ ಕೂರುವುದು ಅವಳ ಬೆಂಚಿನಲ್ಲೇ ಅಂತ.

ಆಗ ನೋಟಿಸನ್ನು ಮತ್ತೆ ಓದಿದೆ. ಚಿಕನ್‌ಪಾಕ್ಸ್ ಹರಡಲು ಶುರುವಾಗುವುದು ಗುಳ್ಳೆ ಕಾಣುವುದಕ್ಕೆ ಒಂದೆರಡು ದಿನ ಮೊದಲೇ. ಅಂದರೆ ಶುಕ್ರವಾರ ಆಟವಾಡಿಕೊಂಡಿದ್ದ ಆ ಹುಡುಗ ಆಗಲೇ ಸೋಂಕು ಹಂಚುತ್ತಿದ್ದ. ಸೋಂಕು ತಗುಲಿದವರಿಗೆ ಗುಳ್ಳೆ ಏಳಲು 10ರಿಂದ 21 ದಿನ ಬೇಕು. 7ನೇ ತಾರೀಕಿನಿಂದ ಎಣಿಸಿದರೆ 17ರಿಂದ 28ರವರೆಗೆ ನಮ್ಮ ಮನೆಗೆ ಯಾವಾಗ ಬೇಕಾದರೂ ಬರಬಹುದು.

ಆರು ತಿಂಗಳ ಬಸುರಿಯಾದ ನನ್ನ ತಂಗಿ ಹತ್ತು ದಿನ ಇದ್ದು ಹೋಗಲು ಬೆಂಗಳೂರಿನಿಂದ 15ಕ್ಕೆ ಬರುವವಳಿದ್ದಳು. ಗರ್ಭಿಣಿಯರಿಗೆ ಈ ಕಾಯಿಲೆ ಬಂದರೆ ನ್ಯುಮೋನಿಯಾ ಆಗುವ ಅಪಾಯವಿದೆ, ಮತ್ತು ಗರ್ಭಿಣಿಯರಿಗೆ ಇದರ ಲಸಿಕೆ ಕೊಡುವುದಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಆಗಿದ್ದರೆ ಸಾಮಾನ್ಯವಾಗಿ ಭಯವಿಲ್ಲ. "ಅವಳಿಗೆ ಆಗಿತ್ತಾಮ್ಮ?" ಅಂತ ಕೇಳಿದೆ.

"ಆಗಿದ್ದು ನಿನಗೆ ಕಣೋ. ನಿನಗೆ ಅಮ್ಮ ಎದ್ದಾಗ ಅವಳನ್ನ ಅಜ್ಜಿ ಮನೆಗೆ ಕಳಿಸಿಬಿಟ್ಟಿದ್ವಲ್ಲ" ಅಂದರು ಅಮ್ಮ.

ತಂಗಿ ತನ್ನ ಡಾಕ್ಟರಿಗೆ ಹೇಳಿದಳು. ಅವರು ರಕ್ತ ಪರೀಕ್ಷೆ ಮಾಡಿಸಿದರು. ಈ ಕಾಯಿಲೆಯ ವಿರುದ್ಧ ಅವಳ ರಕ್ತದಲ್ಲಿ ಪ್ರತಿಕಾಯಗಳಿಲ್ಲ ಅಂತ ಬಂತು. ಟಿಕೆಟ್ ರದ್ದಾಯಿತು. ಅವಳಿಗೆ ಬೇಜಾರೂ ಆಯಿತು, "ಮಗು ಚೆನ್ನಾಗೇ ಇದೆಯಲ್ಲೋ ಅಣ್ಣ" ಅಂದಳು.

21ನೇ ತಾರೀಕು ಬೆಳಿಗ್ಗೆ ಸ್ನಾನ ಮಾಡಿಸುವಾಗ ಮಗಳ ಬೆನ್ನಿನ ಮೇಲೆ ನಾಲ್ಕು ಕೆಂಪು ಚುಕ್ಕೆ ಕಂಡವು. ಸಂಜೆಗೆ ಅವು ನೀರು ತುಂಬಿದ ಗುಳ್ಳೆಗಳಾದವು, ಜೊತೆಗೆ ಜ್ವರ. ಶಾಲೆಗೆ ಫೋನ್ ಮಾಡಿ ಎರಡು ತಾರೀಕು ಹೇಳಿದೆ: ಗುಳ್ಳೆ ಕಂಡಿದ್ದು 21, ಕೊನೆಯದಾಗಿ ಶಾಲೆಗೆ ಬಂದಿದ್ದು 20. ಮುಂದಿನ ಲೆಕ್ಕಕ್ಕೆ ಅವರಿಗೆ ಬೇಕಾದದ್ದು ಇವೆರಡೇ. 19 ಮತ್ತು 20ರಂದು ಮಗಳು ಆರಾಮಾಗಿ ಶಾಲೆಗೆ ಹೋಗಿದ್ದಳು. ಆ ಎರಡು ದಿನವನ್ನು ಯಾವ ನೋಟಿಸೂ ತಡೆಯಲಾರದು. ಆದರೆ ಇನ್ನೊಂದು ಮನೆಯಲ್ಲಿ ಬಸುರಿಯೋ, ಕೀಮೋ ತೆಗೆದುಕೊಳ್ಳುತ್ತಿರುವವರೋ ಇದ್ದರೆ, ತಡಮಾಡದೆ ತಮ್ಮ ಡಾಕ್ಟರನ್ನು ಕೇಳಲು ಅವರಿಗೆ ಸಮಯ ಸಿಗುತ್ತದೆ.

25ಕ್ಕೆ ಯೂನಿಟ್ ಟೆಸ್ಟ್ ಇತ್ತು. ಅಷ್ಟರಲ್ಲಿ ಜ್ವರ ಬಿಟ್ಟಿತ್ತು, ಮುಖದ ಮೇಲಿನದೆಲ್ಲ ಒಣಗಿತ್ತು. ಒಂದೇ ಗಂಟೆಯ ಪರೀಕ್ಷೆ, ಕಳಿಸಿಬಿಡೋಣ ಅಂತ ನನಗೂ ಅನ್ನಿಸಿತು. ಜಡೆ ಹಾಕಲು ಕೂತ ಅಮ್ಮ ಕೂದಲು ಬಿಡಿಸಿ ತೋರಿಸಿದರು. ನೆತ್ತಿಯಲ್ಲಿ ಹೊಸದೊಂದು ಗುಳ್ಳೆ, ಒಳಗೆ ತಿಳಿನೀರು. ಈ ಕಾಯಿಲೆಯಲ್ಲಿ ಗುಳ್ಳೆಗಳು ಒಟ್ಟಿಗೆ ಏಳುವುದಿಲ್ಲ, ನಾಲ್ಕೈದು ದಿನ ಕಂತು ಕಂತಾಗಿ ಏಳುತ್ತವೆ. ಒಂದು ಕಡೆ ಒಣಗುತ್ತಿರುವಾಗ ಇನ್ನೊಂದು ಕಡೆ ಹೊಸದು. ಐದು ದಿನ ಎಂಬುದು ಕನಿಷ್ಠ ಲೆಕ್ಕ ಅಷ್ಟೇ, ಕೊನೆಯ ಗುಳ್ಳೆ ಒಣಗಿದ ದಿನವೇ ನಿಜವಾದ ಗಡುವು. ಅದಕ್ಕೇ ತಲೆಗೂದಲ ನಡುವೆ, ಕಿವಿಯ ಹಿಂದೆ, ಕಂಕುಳಲ್ಲಿ ನೋಡದೆ ನಿರ್ಧರಿಸಬಾರದು.

27ಕ್ಕೆ ನೆತ್ತಿಯ ಗುಳ್ಳೆಯೂ ಹೊಪ್ಪಳೆ ಕಟ್ಟಿತು, ಹೊಸದು ಏಳಲಿಲ್ಲ. ಡಾಕ್ಟರು ಮೈಯೆಲ್ಲ ನೋಡಿ ಸರ್ಟಿಫಿಕೇಟ್ ಬರೆದುಕೊಟ್ಟರು. ಹೊಪ್ಪಳೆ ಉದುರಬೇಕಲ್ಲವೇ ಅಂತ ಕೇಳಿದೆ. ಬೇಡವಂತೆ. ಒಣಗಿದ ಹೊಪ್ಪಳೆಯಿಂದ ಚಿಕನ್‌ಪಾಕ್ಸ್ ಹರಡುವುದಿಲ್ಲ, ಅದು ಉದುರಲು ಇನ್ನೂ ಒಂದೆರಡು ವಾರ ಬೇಕು, ಅಲ್ಲಿಯವರೆಗೆ ಮನೆಯಲ್ಲಿ ಇಟ್ಟುಕೊಂಡರೆ ಪಾಠ ತಪ್ಪುವುದಷ್ಟೇ ಲಾಭ ಅಂದರು.

ಅಮ್ಮ ಒಪ್ಪಲಿಲ್ಲ. ಅವರ ಲೆಕ್ಕದಲ್ಲಿ ಹನ್ನೊಂದನೇ ದಿನ ಬೇವಿನ ನೀರು ಹಾಕಿದ ಮೇಲೆಯೇ ಹೊಸಿಲು ದಾಟಬೇಕು. ಕೊನೆಗೆ 28ಕ್ಕೆ ಮಗಳು ಶಾಲೆಗೆ ಹೋದಳು, ಬೇವಿನ ನೀರಿನ ಸ್ನಾನ ಅಮ್ಮನ ಲೆಕ್ಕದ ದಿನವೇ ಆಯಿತು. ಮೊದಲ ದಿನ ಅವರು ಬಾಗಿಲಿಗೆ ಸಿಕ್ಕಿಸಿದ್ದ ಬೇವಿನ ಸೊಪ್ಪು ಅಲ್ಲಿಯವರೆಗೂ ಹಾಗೇ ಇತ್ತು. ಅದನ್ನು ನೋಡಿ ಅಪಾರ್ಟ್‌ಮೆಂಟಿನ ಒಬ್ಬ ಬಸುರಿ ಹೆಂಗಸು ನಮ್ಮ ಮನೆಗೆ ಬರುವುದನ್ನು ತಾನಾಗೇ ಬಿಟ್ಟಿದ್ದರಂತೆ. ಅದೂ ಒಂದು ನೋಟಿಸೇ.

ತಂಗಿ ಹೆರಿಗೆ ಮುಗಿಸಿಕೊಂಡು ಬರುತ್ತಾಳೆ. ಲಸಿಕೆಯ ಮಾತು ಆಗ ಡಾಕ್ಟರ ಹತ್ತಿರ ಆಡುತ್ತಾಳಂತೆ.