ಅಂಗಡಿ ಮುಚ್ಚದೆ ಡೇಟಾಬೇಸ್ ಬದಲಿಸುವುದು

ಪೋಸ್ಟ್‌ಗ್ರೆಸ್‌ನ 13ನೇ ಆವೃತ್ತಿಯಲ್ಲಿ ಓಡುತ್ತಿರುವ ಆನ್‌ಲೈನ್ ಅಂಗಡಿಯೊಂದನ್ನು 17ಕ್ಕೆ ಸಾಗಿಸಬೇಕು ಎಂದುಕೊಳ್ಳಿ. ಹಳೆಯದನ್ನು ನಿಲ್ಲಿಸಿ ಎಲ್ಲವನ್ನೂ ನಕಲು ಮಾಡುತ್ತ ಕೂತರೆ ಗಂಟೆಗಟ್ಟಲೆ ವ್ಯಾಪಾರವಿಲ್ಲ. ಲಾಜಿಕಲ್ ರೆಪ್ಲಿಕೇಶನ್‌ನಲ್ಲಿ ಹೊಸ ಸರ್ವರ್ ಪಕ್ಕದಲ್ಲೇ ಎದ್ದು ನಿಲ್ಲುತ್ತದೆ. ಹಳೆಯದರಲ್ಲಿ `wal_level` ಅನ್ನು `logical` ಮಾಡಿ (ಇದಕ್ಕೊಂದು ರೀಸ್ಟಾರ್ಟ್ ಬೇಕು), ಟೇಬಲ್‌ಗಳ ಖಾಲಿ ವಿನ್ಯಾಸವನ್ನು ಹೊಸದಕ್ಕೆ ಒಯ್ದು, ಹಳೆಯದರಲ್ಲಿ ಪಬ್ಲಿಕೇಶನ್, ಹೊಸದರಲ್ಲಿ ಸಬ್‌ಸ್ಕ್ರಿಪ್ಶನ್ ತೆರೆಯುತ್ತಾರೆ. ಮೊದಲು ಇರುವ ದತ್ತಾಂಶವೆಲ್ಲ ನಕಲಾಗುತ್ತದೆ, ಆಮೇಲೆ ಪ್ರತಿ ಬದಲಾವಣೆಯೂ ಹಿಂದೆಯೇ ಹರಿದು ಬರುತ್ತದೆ. ಪ್ರೈಮರಿ ಕೀ ಇಲ್ಲದ ಟೇಬಲ್‌ಗಳನ್ನು ಮೊದಲೇ ಹುಡುಕಿಡಿ. ಇಲ್ಲವಾದರೆ ಪಬ್ಲಿಕೇಶನ್ ತೆರೆದ ಕ್ಷಣದಿಂದ ಹಳೆಯ ಸರ್ವರ್‌ನಲ್ಲೇ ಅವುಗಳ ಅಪ್‌ಡೇಟ್, ಡಿಲೀಟ್ ನಿಂತುಹೋಗುತ್ತವೆ.

ನಿಜವಾದ ಮೋಸ ಸೀಕ್ವೆನ್ಸ್‌ಗಳಲ್ಲಿದೆ. ಸಾಲುಗಳು ಬರುತ್ತವೆ, ಮುಂದಿನ ಆರ್ಡರ್ ಸಂಖ್ಯೆ ಕೊಡುವ ಎಣಿಕೆ ಮಾತ್ರ ಬರುವುದಿಲ್ಲ. ಹಳೆಯದರಲ್ಲಿ ಕೊನೆಯ ಆರ್ಡರ್ 840112 ಆಗಿದ್ದರೂ ಹೊಸದು 1ರಿಂದ ಶುರುಮಾಡುತ್ತದೆ. ಮೊದಲ ಗ್ರಾಹಕನಿಗೇ `duplicate key` ದೋಷ! ಆದ್ದರಿಂದ ಹಳೆಯದರಲ್ಲಿ ಬರವಣಿಗೆ ನಿಲ್ಲಿಸಿ, ಬಾಕಿ ಬದಲಾವಣೆಗಳೆಲ್ಲ ತಲುಪಿದ್ದನ್ನು ಖಚಿತಪಡಿಸಿಕೊಂಡ ಮೇಲೆ, ಪ್ರತಿ ಸೀಕ್ವೆನ್ಸನ್ನೂ ಸ್ವಲ್ಪ ಮುಂದಕ್ಕೇ ಇಡಬೇಕು:

```sql
SELECT setval('orders_id_seq', 841000);
```

ನಡುವೆ ಕೆಲವು ಸಂಖ್ಯೆ ಬಿಟ್ಟುಹೋದರೂ ನಷ್ಟವಿಲ್ಲ. ನಂತರ ಆ್ಯಪನ್ನು ಹೊಸ ವಿಳಾಸಕ್ಕೆ ತಿರುಗಿಸಿದರಾಯಿತು. ಅಂಗಡಿ ನಿಂತದ್ದು ಈ ಕೆಲವೇ ನಿಮಿಷ.